ಶೂ ಒಳಗಿನ ಬೆವರು ಎಲ್ಲಿ ನಿಲ್ಲುತ್ತದೆ? ಹುಡುಕಿ, ಆಮೇಲೆ ಖರೀದಿಸಿ

ಮಂಗಳೂರಿನಲ್ಲಿ ನಮ್ಮ ಶೂ ಅಂಗಡಿಗೆ ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗ ಬಂದಿದ್ದ. ಔಷಧ ಕಂಪನಿಯ ಪ್ರತಿನಿಧಿ. ದಿನಕ್ಕೆ ಹತ್ತು ಹನ್ನೆರಡು ಡಾಕ್ಟರ್‌ಗಳನ್ನು ನೋಡಬೇಕು, ಬೈಕಿನಲ್ಲೇ ಓಡಾಟ, ಕಾಲಿಗೆ ಕಪ್ಪು ಶೂ ಕಡ್ಡಾಯ. ಅವನ ಕಷ್ಟ ಏನೆಂದರೆ, ಹಲವು ಕ್ಲಿನಿಕ್‌ಗಳಲ್ಲಿ ಶೂ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಸಾಕ್ಸ್ ಪೂರ್ತಿ ಒದ್ದೆ, ನೆಲದ ಮೇಲೆ ಹೆಜ್ಜೆ ಗುರುತು ಬೀಳುತ್ತದೆ, ವಾಸನೆ ಬೇರೆ. "ಅಣ್ಣಾ, ಬೆವರು ಬರದ ಹಾಗೆ ಯಾವುದಾದ್ರೂ ಶೂ ಕೊಡಿ" ಅಂದ.

ಅಂಥ ಶೂ ಇಲ್ಲ. ಅಂಗಾಲಿನಲ್ಲಿ ಬೆವರಿನ ಗ್ರಂಥಿಗಳು ಮೈಯ ಬೇರೆ ಕಡೆಗಿಂತ ತುಂಬಾ ದಟ್ಟವಾಗಿವೆ, ಸೆಕೆಗೂ ಬೆವರುತ್ತವೆ, ಗಾಬರಿಗೂ ಬೆವರುತ್ತವೆ. ಶೂ ಮಾಡಬಹುದಾದ್ದು ಒಂದೇ, ಬಂದ ಬೆವರನ್ನು ಚರ್ಮದಿಂದ ದೂರ ಕಳಿಸುವುದು. ಆ ದಾರಿ ಹೀಗಿದೆ: ಚರ್ಮದಿಂದ ಸಾಕ್ಸ್‌ಗೆ, ಸಾಕ್ಸ್‌ನಿಂದ ಅಂಗಾಲಿನ ಕೆಳಗಿರುವ ಪ್ಯಾಡ್‌ಗೆ ಅಂದರೆ ಇನ್‌ಸೋಲ್‌ಗೆ ಮತ್ತು ಶೂವಿನ ಮೇಲ್ಭಾಗಕ್ಕೆ, ಅಲ್ಲಿಂದ ಹೊರಗಿನ ಗಾಳಿಗೆ. ನಡುವೆ ಒಂದು ಕಡೆ ದಾರಿ ಮುಚ್ಚಿದರೆ ಉಳಿದದ್ದಕ್ಕೆ ಎಷ್ಟು ದುಡ್ಡು ಹಾಕಿದರೂ ದಂಡ. ಹಾಗಾಗಿ ಏನೂ ಕೊಳ್ಳುವ ಮೊದಲು ಎಲ್ಲಿ ಮುಚ್ಚಿದೆ ಅಂತ ನೋಡಿ.

ಮೊದಲು ತೂಕ ಮಾಡಿ

ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಸಾಕು. ಬೆಳಿಗ್ಗೆ ಒಣಗಿದ ಸಾಕ್ಸ್ ಜೋಡಿಯನ್ನು ತೂಗಿ ಬರೆದಿಡಿ. ಶೂ ಒಳಗಿನ ಇನ್‌ಸೋಲ್ ಕಿತ್ತು ಬರುವಂತಿದ್ದರೆ ಅದನ್ನೂ ತೂಗಿ. ಸಂಜೆ ಶೂ ಬಿಚ್ಚಿದ ಕೂಡಲೇ ಮತ್ತೆ ತೂಗಿ. ಎಲ್ಲಿ ತೂಕ ಏರಿದೆಯೋ ಬೆವರು ಅಲ್ಲಿ ನಿಂತಿದೆ.

ಆ ಹುಡುಗನಿಗೆ ಹೀಗೇ ಮಾಡಲು ಹೇಳಿದೆ. ಅವನ ದಪ್ಪ ಕಾಟನ್ ಸಾಕ್ಸ್ ಬೆಳಿಗ್ಗೆ 52 ಗ್ರಾಂ ಇದ್ದದ್ದು ಸಂಜೆ 70 ಗ್ರಾಂ ಆಗಿತ್ತು. ಇನ್‌ಸೋಲ್‌ನಲ್ಲಿ ಏರಿದ್ದು ಬರೀ 2 ಗ್ರಾಂ. ಅಂದರೆ ಬಂದ ಬೆವರೆಲ್ಲಾ ಚರ್ಮಕ್ಕೆ ಅಂಟಿಕೊಂಡ ಸಾಕ್ಸ್‌ನಲ್ಲೇ ಕೂತಿದೆ, ಮುಂದೆ ಹೋಗಲು ಜಾಗ ಸಿಕ್ಕಿಲ್ಲ. ಶೂ ಬಿಚ್ಚಿ ನೋಡಿದರೆ ಕಾರಣ ಕಾಣಿಸಿತು. ಇನ್‌ಸೋಲ್ ಮೇಲೆ ರೆಕ್ಸಿನ್, ಅದರ ಕೆಳಗೆ ನೀರನ್ನೇ ಕುಡಿಯದ ಗಟ್ಟಿ ಫೋಮ್, ಶೂವಿನ ಮೇಲ್ಭಾಗವೂ ರೆಕ್ಸಿನ್, ಒಳಗಿನ ಲೈನಿಂಗ್ ಕೂಡ ರೆಕ್ಸಿನ್. ಪ್ಲಾಸ್ಟಿಕ್ ಕವರಿನಲ್ಲಿ ಕಾಲಿಟ್ಟ ಹಾಗೆ.

ಸಾಕ್ಸ್: ಕಾಟನ್ ಒಳ್ಳೆಯದು ಅನ್ನುವ ನಂಬಿಕೆ

ಎಲ್ಲರೂ ಕೇಳುವುದು "ಪ್ಯೂರ್ ಕಾಟನ್ ಕೊಡಿ" ಅಂತಲೇ. ಕಡಿಮೆ ಬೆವರುವವರಿಗೆ ಅದು ಚೆನ್ನಾಗಿಯೇ ಇರುತ್ತದೆ. ಜಾಸ್ತಿ ಬೆವರುವವರಿಗೆ ಮಾತ್ರ ಕಾಟನ್ ಸರಿಹೋಗುವುದಿಲ್ಲ. ಹತ್ತಿಯ ನೂಲು ನೀರನ್ನು ತನ್ನೊಳಗೆ ಎಳೆದುಕೊಂಡು ಉಬ್ಬುತ್ತದೆ, ಮೆತ್ತಗಾಗಿ ಚರ್ಮಕ್ಕೆ ಅಂಟುತ್ತದೆ, ಬೇಗ ಒಣಗುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಗಂಟೆಗಟ್ಟಲೆ ನೆಂದ ಚರ್ಮ ಬೆಳ್ಳಗೆ ಸುಕ್ಕುಗಟ್ಟಿ ಉಜ್ಜಿದರೆ ಕಿತ್ತುಬರುತ್ತದೆ, ಗುಳ್ಳೆ ಏಳುವುದೂ ಆಗಲೇ.

ಪಾಲಿಯೆಸ್ಟರ್ ಇದಕ್ಕೆ ತೀರಾ ಉಲ್ಟಾ. ಅದರ ಎಳೆ ನೀರನ್ನು ಒಳಗೆ ತೆಗೆದುಕೊಳ್ಳುವುದೇ ಇಲ್ಲ ಅನ್ನಬಹುದು, ಗಾಳಿಯಲ್ಲಿನ ತೇವವನ್ನು ತನ್ನ ತೂಕದ ಶೇಕಡಾ 1ರಷ್ಟೂ ಹಿಡಿಯುವುದಿಲ್ಲ. ನೀರು ಎಳೆಗಳ ನಡುವಿನ ಸಂದಿಯಲ್ಲಿ ಹರಿದು ಹೊರಮೈಗೆ ಬರುತ್ತದೆ, ಅಲ್ಲಿ ಹರಡಿ ಬೇಗ ಆರುತ್ತದೆ. ತೊಂದರೆ ಒಂದಿದೆ. ಮೈಯ ಎಣ್ಣೆಯಂಶ ಪಾಲಿಯೆಸ್ಟರ್‌ಗೆ ಅಂಟಿ ಕೂರುತ್ತದೆ, ಅದಕ್ಕೇ ವಾಸನೆಯೂ ಬೇಗ ಹಿಡಿಯುತ್ತದೆ. ಒಳಮಗ್ಗುಲು ಹೊರಗೆ ತಿರುಗಿಸಿ ತೊಳೆದರೆ ಎಷ್ಟೋ ವಾಸಿ.

ಉಣ್ಣೆಯ ಹೆಸರು ಹೇಳಿದರೆ ನಮ್ಮ ಕರಾವಳಿಯಲ್ಲಿ ಜನ ಮುಖ ಮುಖ ನೋಡುತ್ತಾರೆ. ಈ ಸೆಕೆಯಲ್ಲಿ ಉಣ್ಣೆಯಾ ಅಂತ. ಆದರೆ ಮೆರಿನೊ ಉಣ್ಣೆಯ ತೆಳು ಸಾಕ್ಸ್ ಸ್ವೆಟರ್ ಥರ ಇರುವುದಿಲ್ಲ, ಆಫೀಸ್ ಸಾಕ್ಸ್‌ನಷ್ಟೇ ತೆಳ್ಳಗೆ ಬರುತ್ತದೆ. ಉಣ್ಣೆಯ ಎಳೆ ಬೆವರನ್ನು ಆವಿಯಾಗಿರುವಾಗಲೇ ಒಳಗೆ ತೆಗೆದುಕೊಳ್ಳುತ್ತದೆ, ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವ ಹಿಡಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ, ವಾಸನೆಯೂ ಕಡಿಮೆ. ಬರೀ ಉಣ್ಣೆ ಹಿಮ್ಮಡಿಯಲ್ಲಿ ಬೇಗ ಸವೆದು ತೂತಾಗುತ್ತದೆ. ಅದಕ್ಕೇ ಅರ್ಧಕ್ಕಿಂತ ಜಾಸ್ತಿ ಮೆರಿನೊ, ಉಳಿದದ್ದು ನೈಲಾನ್, ಸ್ವಲ್ಪ ಎಲಾಸ್ಟಿಕ್ ಇರುವ ಮಿಶ್ರಣ ನೋಡಿ ತೆಗೆದುಕೊಳ್ಳಿ. ಬೆಲೆ ಜಾಸ್ತಿ, ನಿಜ. ಅಷ್ಟು ಬೇಡ ಅನ್ನುವವರು ಪಾಲಿಯೆಸ್ಟರ್ ಅಥವಾ ನೈಲಾನ್ ಅರ್ಧಕ್ಕಿಂತ ಹೆಚ್ಚಿದ್ದು ಉಳಿದದ್ದು ಕಾಟನ್ ಇರುವ ಸಾಕ್ಸ್ ತೆಗೆದುಕೊಂಡರೂ ಪ್ಯೂರ್ ಕಾಟನ್‌ಗಿಂತ ಒಳ್ಳೆಯದು.

ಈಗ ಎಲ್ಲೆಲ್ಲೂ ಬ್ಯಾಂಬೂ ಸಾಕ್ಸ್ ಬಂದಿದೆ. ಬಿದಿರಿನ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ಎಳೆದ ವಿಸ್ಕೋಸ್ ನೂಲು ಅದು. ಮೆತ್ತಗಿದೆ, ಹಾಕಿದ ಕೂಡಲೇ ಹಾಯೆನ್ನಿಸುತ್ತದೆ. ಆದರೆ ನೀರು ಹೀರಿ ಹಿಡಿದಿಡುವುದರಲ್ಲಿ ಕಾಟನ್‌ನ ಜಾತಿಯೇ. ಜಾಸ್ತಿ ಬೆವರುವವರಿಗೆ ನಾನು ಕೊಡುವುದಿಲ್ಲ.

ಮನೆಯಲ್ಲೇ ಪರೀಕ್ಷೆ ಮಾಡಬೇಕಾ? ಎರಡು ಬಗೆಯ ಸಾಕ್ಸ್‌ನ ಅಂಗಾಲಿನ ಭಾಗಕ್ಕೆ ಅರ್ಧರ್ಧ ಟೀ ಚಮಚ ನೀರು ಹಾಕಿ ಫ್ಯಾನಿನ ಕೆಳಗೆ ನೇತುಹಾಕಿ, ಅರ್ಧ ಗಂಟೆ ಬಿಟ್ಟು ಕೆನ್ನೆಗೆ ಒತ್ತಿ ನೋಡಿ. ಯಾವುದು ತಣ್ಣಗೆ ಅಂಟುತ್ತದೋ ಅದನ್ನು ಬಿಡಿ.

ಇನ್‌ಸೋಲ್: ಹೀರಿದ ನೀರು ಎಲ್ಲಿಗೆ ಹೋಗುತ್ತದೆ?

ಇದನ್ನು ಯಾರೂ ಹೇಳುವುದಿಲ್ಲ, ಸ್ವಲ್ಪ ಗಮನ ಕೊಡಿ. ಬೆವರು ಹೀರುವ ಇನ್‌ಸೋಲ್ ಅಂತ ಬರೆದಿರುತ್ತಾರೆ, ಆದರೆ ಅದರ ಕೆಳಗಿರುವುದು ರಬ್ಬರ್ ಅಟ್ಟೆ, ಅದರಿಂದ ನೀರು ಹೊರಗೆ ಹೋಗುವುದಿಲ್ಲ. ಹಾಗಾಗಿ ಇನ್‌ಸೋಲ್ ಒಂದು ಸಣ್ಣ ತೊಟ್ಟಿ ಇದ್ದ ಹಾಗೆ. ಹಗಲು ತುಂಬುತ್ತದೆ, ರಾತ್ರಿ ನಾವು ಖಾಲಿ ಮಾಡಬೇಕು. ಖಾಲಿ ಮಾಡಬೇಕಾದರೆ ಅದು ಹೊರಗೆ ಬರಬೇಕು. ಅಂಟಿಸಿಬಿಟ್ಟ ಇನ್‌ಸೋಲ್ ಎಷ್ಟೇ ಒಳ್ಳೆಯದಿದ್ದರೂ ಮೂರನೇ ದಿನಕ್ಕೆ ತುಂಬಿ ಕೂತಿರುತ್ತದೆ. ನಮ್ಮಲ್ಲಿ ಶೂ ನೋಡಲು ಬಂದವರಿಗೆ ನಾನು ಮೊದಲು ಹೇಳುವುದು, ಒಳಗೆ ಬೆರಳು ಹಾಕಿ ಪ್ಯಾಡ್ ಎತ್ತಿ ನೋಡಿ ಅಂತ.

ಪ್ಯಾಡ್ ಕೈಗೆ ಬಂದ ಮೇಲೆ ಮೇಲೊಂದು ಹನಿ ನೀರು ಬಿಡಿ. ಮುತ್ತಿನ ಹಾಗೆ ನಿಂತರೆ ಅದು ಉಪಯೋಗಕ್ಕಿಲ್ಲ. ಕೆಲವು ಸೆಕೆಂಡಿನಲ್ಲಿ ಹರಡಿ ಒಳಗೆ ಇಳಿದರೆ ಸರಿ. ಆಮೇಲೆ ಬದಿಯಿಂದ ನೋಡಿ. ಮೇಲೆ ತೆಳು ಬಟ್ಟೆ, ಕೆಳಗೆ ಸ್ಪಂಜಿನ ಥರ ಕಣ್ಣುಕಣ್ಣು ಇರುವ ಫೋಮ್ ಇದ್ದರೆ ತೇವಕ್ಕೆ ಜಾಗ ಇದೆ. ಹವಾಯಿ ಚಪ್ಪಲಿಯ ಅಟ್ಟೆಯಂತೆ ನುಣ್ಣಗೆ ಗಟ್ಟಿಯಾಗಿದ್ದರೆ ಮೇಲಿನ ಬಟ್ಟೆ ಮಾತ್ರ ಒದ್ದೆಯಾಗಿ ಅಲ್ಲೇ ನಿಲ್ಲುತ್ತದೆ. ಪಾಲಿಶ್ ಇಲ್ಲದ ತೊಗಲಿನ ಪ್ಯಾಡ್ ಕೂಡ ಚೆನ್ನಾಗಿ ಹೀರುತ್ತದೆ, ಆದರೆ ನಿಧಾನಕ್ಕೆ ಒಣಗುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ನಾನು ಎರಡು ಜೋಡಿ ಫೋಮ್ ಪ್ಯಾಡ್ ಕೊಂಡು ದಿನ ಬಿಟ್ಟು ದಿನ ಹಾಕಿ ಅನ್ನುತ್ತೇನೆ. ಕೊಳ್ಳುವಾಗ ದಪ್ಪ ನೋಡಿ. ದಪ್ಪದ ಪ್ಯಾಡ್ ಹಾಕಿ ಶೂ ಬಿಗಿಯಾದರೆ ಕಾಲಿನ ಸುತ್ತ ಗಾಳಿ ಆಡುವ ಜಾಗವೇ ಹೋಯಿತು.

ಮೇಲ್ಭಾಗ

ಓಡುವ ಶೂ, ಕಾಲೇಜಿಗೆ ಹಾಕುವ ಶೂ ಆದರೆ ಮೆಶ್ ಬಟ್ಟೆ ಬೇಕು. ಬೆರಳಿನ ಭಾಗಕ್ಕೆ ಹೊರಗಿನಿಂದ ಬಾಯಿ ಹತ್ತಿರ ಇಟ್ಟು ಊದಿ, ಒಳಗೆ ಅಂಗೈ ಇಡಿ. ಉಸಿರು ಅಂಗೈಗೆ ತಾಗಬೇಕು. ನೋಡಲು ಬಲೆಯಂತಿದ್ದು ಒಳಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಶೂಗಳು ಬೇಕಾದಷ್ಟಿವೆ, ಅವು ಇಲ್ಲಿ ಸಿಕ್ಕಿಬೀಳುತ್ತವೆ.

ಆಫೀಸ್ ಶೂಗೆ ತೊಗಲೇ ದಾರಿ, ಆದರೆ ಬರೀ "ಲೆದರ್" ಅನ್ನುವ ಮಾತು ಸಾಲದು. ಕನ್ನಡಿಯಂತೆ ಹೊಳೆಯುವ ಪೇಟೆಂಟ್ ಲೆದರ್ ಮೇಲೆ ದಪ್ಪ ಪ್ಲಾಸ್ಟಿಕ್ ಲೇಪ ಇರುತ್ತದೆ, ಆವಿ ದಾಟುವುದಿಲ್ಲ. ಕೆಲವು ಶೂಗಳ ಒಳಗೆ ಅಥವಾ ಅಟ್ಟೆಯಲ್ಲಿ ಯುರೋಪಿನ ಗುರುತಿನ ಸ್ಟಿಕ್ಕರ್ ಇರುತ್ತದೆ: ಮೇಲ್ಭಾಗ, ಲೈನಿಂಗ್, ಅಟ್ಟೆ ಈ ಮೂರಕ್ಕೂ ಬೇರೆ ಬೇರೆ ಚಿತ್ರ. ಹಸಿ ತೊಗಲು ಹರಡಿದ ಆಕಾರ ಇದ್ದರೆ ತೊಗಲು. ಅದೇ ಆಕಾರದ ಒಳಗೆ ವಜ್ರದ ಗುರುತು ಇದ್ದರೆ ಲೇಪ ಹಚ್ಚಿದ ತೊಗಲು. ಬಲೆಯ ಗುರುತು ಬಟ್ಟೆಗೆ, ಬರೀ ವಜ್ರ ರೆಕ್ಸಿನ್ ರಬ್ಬರಿನಂಥ ಬೇರೆ ವಸ್ತುವಿಗೆ. ಲೈನಿಂಗ್ ಮುಂದೆ ಯಾವ ಚಿತ್ರ ಇದೆ ಅಂತ ತಪ್ಪದೆ ನೋಡಿ. ಹೊರಗೆ ಒಳ್ಳೆ ತೊಗಲು, ಒಳಗೆ ರೆಕ್ಸಿನ್ ಲೈನಿಂಗ್ ಇದ್ದರೆ ದಾರಿ ಅಲ್ಲಿಗೇ ಮುಚ್ಚಿತು.

ಒಳಗೆ ವಾಟರ್‌ಪ್ರೂಫ್ ಪೊರೆ ಇರುವ ಶೂ ಮಳೆಗಾಲಕ್ಕೆ ಆಗುತ್ತಾ ಅಂತ ಕೇಳುತ್ತಾರೆ. ಆ ಪೊರೆ ಆವಿಯನ್ನು ಹೊರಗೆ ಬಿಡುವುದು ಒಳಗಿಗಿಂತ ಹೊರಗೆ ತೇವ ಕಡಿಮೆ ಇದ್ದಾಗ. ಚಳಿಯ ಒಣ ಬೆಟ್ಟದಲ್ಲಿ ಚೆನ್ನಾಗಿ ನಡೆಯುತ್ತದೆ. ಜುಲೈಯ ಮಂಗಳೂರಿನಲ್ಲಿ ಹೊರಗಿನ ಗಾಳಿಯೇ ತೇವದಿಂದ ತುಂಬಿರುತ್ತದೆ, ಬೆವರು ಒಳಗೇ ಉಳಿಯುತ್ತದೆ. ಮೆಶ್‌ಗೂ ತೊಗಲಿಗೂ ಇದೇ ಮಿತಿ ಇದೆ, ಅದಕ್ಕೇ ನಮ್ಮ ಕಡೆ ಶೂವಿನ ಗುಣಕ್ಕಿಂತ ಒಣಗಿಸುವುದೇ ಹೆಚ್ಚು ಕೆಲಸ ಮಾಡುತ್ತದೆ.

ರಾತ್ರಿಯ ಕೆಲಸ

ಮನೆಗೆ ಬಂದ ಕೂಡಲೇ ಲೇಸ್ ಸಡಿಲಿಸಿ, ನಾಲಿಗೆ ಎತ್ತಿ, ಪ್ಯಾಡ್ ಹೊರಗೆ ತೆಗೆದು ಫ್ಯಾನಿನ ಕೆಳಗೆ ಇಡಿ. ಶೂ ಒಳಗೆ ಹಳೆ ಪೇಪರ್ ಉಂಡೆ ತುಂಬಿ, ಒಂದು ಗಂಟೆ ಬಿಟ್ಟು ಅದನ್ನು ಬಿಸಾಡಿ ಹೊಸದು ತುಂಬಿ. ಮೊದಲ ಪೇಪರೇ ಬೆಳಗಿನ ತನಕ ಇದ್ದರೆ ಒದ್ದೆ ಒಳಗೇ ಇರುತ್ತದೆ. ತೊಗಲಿನ ಶೂವನ್ನು ಉರಿಬಿಸಿಲಿಗೆ ಇಡಬೇಡಿ, ತೊಗಲು ಬಿರಿಯುತ್ತದೆ, ಅಂಟು ಬಿಡುತ್ತದೆ. ಎರಡು ಜೋಡಿ ಶೂ ಇದ್ದರೆ ಒಂದೊಂದಕ್ಕೆ ಒಂದು ಪೂರ್ತಿ ದಿನ ರಜೆ ಕೊಡಿ.

ಆ ಹುಡುಗ ಏನೇನು ಬದಲಿಸಿದ ಅಂದರೆ, ಮೆರಿನೊ ಮಿಶ್ರಣದ ಸಾಕ್ಸ್, ಕಿತ್ತು ತೆಗೆಯುವ ಫೋಮ್ ಪ್ಯಾಡ್, ಲೈನಿಂಗ್ ಸಮೇತ ತೊಗಲಿನ ಶೂ. ಮಳೆಯಲ್ಲಿ ಬೈಕ್ ಓಡಿಸುವಾಗ ರಬ್ಬರ್ ಚಪ್ಪಲಿ, ಶೂ ಬ್ಯಾಗಿನಲ್ಲಿ. ಮಧ್ಯಾಹ್ನ ಊಟದ ಹೊತ್ತಿಗೆ ಕಾಲು ಒರೆಸಿ ಬೇರೆ ಸಾಕ್ಸ್. ಮತ್ತೆ ತೂಗಿದಾಗ ಸಂಜೆಯ ಸಾಕ್ಸ್‌ನಲ್ಲಿ 5 ಗ್ರಾಂ, ಪ್ಯಾಡ್‌ನಲ್ಲಿ 8 ಗ್ರಾಂ ಏರಿತ್ತು. ಬೆವರು ನಿಂತಿಲ್ಲ, ಚರ್ಮದಿಂದ ದೂರ ಹೋಗಿದೆ. ಪ್ಯಾಡ್ ಬೆಳಗಾಗುವಷ್ಟರಲ್ಲಿ ಹಳೇ ತೂಕಕ್ಕೆ ಬರುತ್ತಿತ್ತು.

ಸಾಕ್ಸ್ ಶೂ ಇಂದ ಆಗದ ಸಂಗತಿಗಳೂ ಇವೆ. ಅಂಗಾಲಿನಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಸಣ್ಣ ಗುಳಿ ಬಿದ್ದು ಕೆಟ್ಟ ವಾಸನೆ ಇದ್ದರೆ ಅದು ಬ್ಯಾಕ್ಟೀರಿಯಾ ಸೋಂಕು, ಕಿರುಬೆರಳಿನ ಸಂದಿ ಬೆಳ್ಳಗಾಗಿ ತುರಿಸಿ ಸಿಪ್ಪೆ ಏಳುತ್ತಿದ್ದರೆ ಸಾಮಾನ್ಯವಾಗಿ ಫಂಗಸ್. ಎರಡಕ್ಕೂ ಔಷಧ ಬೇರೆ ಬೇರೆ, ಚರ್ಮದ ಡಾಕ್ಟರಿಗೆ ತೋರಿಸಿ. ಫ್ಯಾನ್ ಕೆಳಗೆ ಸುಮ್ನೆ ಕೂತಿದ್ದರೂ ಎರಡೂ ಪಾದ ತೊಟ್ಟಿಕ್ಕುವಷ್ಟು ಬೆವರುತ್ತಿದ್ದರೆ ಅದಕ್ಕೂ ಚಿಕಿತ್ಸೆ ಇದೆ. ರಾತ್ರಿ ಒಣ ಪಾದಕ್ಕೆ ಹಚ್ಚಿ ಬೆಳಿಗ್ಗೆ ತೊಳೆಯುವ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣವನ್ನು ಡಾಕ್ಟರ್ ಸಾಮಾನ್ಯವಾಗಿ ಮೊದಲು ಬರೆಯುತ್ತಾರೆ. ಇಲ್ಲದ ಬೆವರು ಇದ್ದಕ್ಕಿದ್ದ ಹಾಗೆ ಶುರುವಾಗಿ ನಿದ್ದೆಯಲ್ಲೂ ಮೈ ಒದ್ದೆಯಾಗುತ್ತಿದ್ದರೆ ಶೂ ಅಂಗಡಿಗೆ ಬರಬೇಡಿ, ನೇರ ಡಾಕ್ಟರ್ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ ಇರುವವರು ದಿನಾ ಸಾಕ್ಸ್ ಬಿಚ್ಚಿದಾಗ ಅಂಗಾಲು ಮತ್ತು ಬೆರಳ ಸಂದಿಯನ್ನು ಬೆಳಕಿನಲ್ಲಿ ನೋಡಿಕೊಳ್ಳಿ, ನೆಂದ ಚರ್ಮ ಒಡೆದರೂ ನಿಮಗೆ ನೋವೇ ಗೊತ್ತಾಗದಿರಬಹುದು.