ಖರ್ಜೂರದ ಉಂಡೆ: ಸಕ್ಕರೆಯ ಪಾಕವಿಲ್ಲದೆ ಹದ ಹಿಡಿಯುವ ಬಗೆ

ನಮ್ಮ ಅಡುಗೆಮನೆಗಳಲ್ಲಿ ಉಂಡೆಯನ್ನು ಹಿಡಿದು ನಿಲ್ಲಿಸುವುದು ಸಾಮಾನ್ಯವಾಗಿ ಪಾಕ. ಎಳ್ಳುಂಡೆಗೂ ಶೇಂಗಾ ಉಂಡೆಗೂ ಬೆಲ್ಲವನ್ನು ಕರಗಿಸಿ, ನೀರಿಗೆ ಒಂದು ಹನಿ ಬಿಟ್ಟು ನೋಡಿ, ಅದು ಉಂಡೆಯಾಗುವ ಹೊತ್ತಿಗೆ ಒಲೆ ಆರಿಸುವುದು ಬಲ್ಲವರ ಕ್ರಮ. ಸಕ್ಕರೆ, ಬೆಲ್ಲ, ಜೇನುತುಪ್ಪ ಯಾವುದನ್ನೂ ಹಾಕದೆ ಖರ್ಜೂರ ಮತ್ತು ಒಣಬೀಜಗಳ ಉಂಡೆ ಕಟ್ಟುವಾಗ ಈ ಪಾಕದ ಕೆಲಸವನ್ನು ಖರ್ಜೂರವೇ ಮಾಡಬೇಕು. ಹಣ್ಣಾದ ಖರ್ಜೂರದಲ್ಲಿರುವ ಸಕ್ಕರೆಯ ಬಹುಪಾಲು ಗ್ಲೂಕೋಸ್ ಮತ್ತು ಫ್ರಕ್ಟೋಸ್ ರೂಪದಲ್ಲಿದ್ದು, ಅವು ಸುಲಭವಾಗಿ ಹರಳುಗಟ್ಟದೆ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಖರ್ಜೂರದ ತಿರುಳು ಮೆತ್ತಗೆ, ಜಿಗುಟಾಗಿ ಉಳಿಯಲು ಅದೇ ಕಾರಣ. ಹಾಗಾಗಿ ಈ ಉಂಡೆಯ ಹದವೆಲ್ಲ ನೀರಿನ ಲೆಕ್ಕದಲ್ಲಿದೆ: ಖರ್ಜೂರದಲ್ಲಿ ಇರಬೇಕಾದಷ್ಟು ತೇವ ಉಳಿಯಬೇಕು, ಬೀಜಗಳಲ್ಲಿ ತೇವ ಉಳಿಯಬಾರದು.

ಅಳತೆ

ಸುಮಾರು 23 ಉಂಡೆಗಳಿಗೆ ಬೀಜ ತೆಗೆದ ಮೆತ್ತನೆಯ ಖರ್ಜೂರ 250 ಗ್ರಾಂ, ಬಾದಾಮಿ 80 ಗ್ರಾಂ, ಗೋಡಂಬಿ 80 ಗ್ರಾಂ, ಅಕ್ರೋಟು 40 ಗ್ರಾಂ, ಗಸಗಸೆ ಒಂದು ದೊಡ್ಡ ಚಮಚ, ತುಪ್ಪ ಎರಡು ಸಣ್ಣ ಚಮಚ, ನಾಲ್ಕು ಏಲಕ್ಕಿಯ ಪುಡಿ ಮತ್ತು ಎರಡು ಚಿಟಿಕೆ ಉಪ್ಪು ಸಾಕು. ಉಪ್ಪನ್ನು ಬಿಡಬೇಡಿ, ಖರ್ಜೂರದ ಗಾಢ ಸಿಹಿಯನ್ನು ಅದು ಹಿತವಾಗಿ ತಗ್ಗಿಸುತ್ತದೆ. ಬಾದಾಮಿ ದುಬಾರಿ ಎನ್ನುವವರು ಅದರ ಜಾಗದಲ್ಲಿ ಅಷ್ಟೇ ತೂಕದ ಶೇಂಗಾ ಬಳಸಬಹುದು. ಹುರಿದು ಸಿಪ್ಪೆ ತೆಗೆದ ಶೇಂಗಾ ಖರ್ಜೂರದೊಂದಿಗೆ ಬಹಳ ಚೆನ್ನಾಗಿ ಹೊಂದುತ್ತದೆ.

ಯಾವ ಖರ್ಜೂರ ಎಂಬುದು ಮುಖ್ಯ. ಅಂಗಡಿಯಲ್ಲಿ ಸಿಗುವ ಉತ್ತುತ್ತೆಯಲ್ಲಿ ತೇವವೇ ಇಲ್ಲದ್ದರಿಂದ ಅದರಿಂದ ಉಂಡೆ ಕಟ್ಟಲಾಗದು. ಕಪ್ಪಗೆ ಹೊಳೆಯುವ, ತಂಪುಪೆಟ್ಟಿಗೆಯಲ್ಲಿಟ್ಟು ಮಾರುವ ಕಿಮಿಯಾ ಖರ್ಜೂರ ತಿನ್ನಲು ರುಚಿ. ಆದರೆ ಅದರಲ್ಲಿ ತೇವ ಹೆಚ್ಚು. ಅದನ್ನೇ ಬಳಸುವುದಾದರೆ ಬೀಜಗಳನ್ನು 40 ಗ್ರಾಂನಷ್ಟು ಹೆಚ್ಚಿಸಿ, ಬಾಣಲೆಯಲ್ಲಿ ಇನ್ನೆರಡು ನಿಮಿಷ ಬಾಡಿಸಬೇಕಾಗುತ್ತದೆ. ಬೆರಳಿನಿಂದ ಒತ್ತಿದರೆ ತಗ್ಗಿ, ಕೈಗೆ ರಸ ಅಂಟದ ಸಾಮಾನ್ಯ ಮೆತ್ತನೆಯ ಖರ್ಜೂರವೇ ಈ ಕೆಲಸಕ್ಕೆ ಎಲ್ಲಕ್ಕಿಂತ ಒಳ್ಳೆಯದು. ಪೊಟ್ಟಣದ ಮೇಲಿನ ಪದಾರ್ಥಗಳ ಪಟ್ಟಿಯನ್ನೂ ಓದಿ ನೋಡಿ. ಕೆಲವು ಬಗೆಯ ಖರ್ಜೂರಕ್ಕೆ ಹೊಳಪಿಗಾಗಿ ಗ್ಲೂಕೋಸ್ ಸಿರಪ್ ಸವರಿರುತ್ತಾರೆ, ಕತ್ತರಿಸಿ ಮಾರುವ ತುಂಡುಗಳಿಗೆ ಅಂಟದಿರಲೆಂದು ಹಿಟ್ಟನ್ನೋ ಡೆಕ್ಸ್‌ಟ್ರೋಸನ್ನೋ ಹೊರಳಿಸಿರುತ್ತಾರೆ.

ಬೀಜಗಳನ್ನು ಹುರಿಯುವುದು

ಆತುರಪಡುವವರು ಮೊದಲು ಬಿಟ್ಟುಬಿಡುವ ಹಂತ ಇದು, ಉಂಡೆ ಕೆಡುವುದೂ ಇಲ್ಲಿಂದಲೇ. ಹಸಿ ಬಾದಾಮಿಯನ್ನು ಹಾಗೆಯೇ ಕುಟ್ಟಿ ಬೆರೆಸಿದರೆ ಮೊದಲ ದಿನ ಅದು ಅಗಿಯಲು ಗಟ್ಟಿ, ಮೂರನೆಯ ದಿನಕ್ಕೆ ಖರ್ಜೂರದ ತೇವ ಕುಡಿದು ನೆನೆಸಿದ ಬೀಜದಂತೆ ಮೆತ್ತಗೆ. ನಿಧಾನವಾಗಿ ಹುರಿದಾಗ ಬೀಜದೊಳಗಿನ ನೀರು ಹೊರಟು ಅದು ಗರಿಗರಿಯಾಗುತ್ತದೆ. ಬಣ್ಣ ತಿರುಗುವ ಹೊತ್ತಿಗೆ ಹಸಿ ಬೀಜದಲ್ಲಿ ಎಂದೂ ಇರದ ಘಮವೂ ಹುಟ್ಟುತ್ತದೆ.

ದಪ್ಪ ತಳದ ಬಾಣಲೆಯನ್ನು ಸಣ್ಣ ಉರಿಯ ಮೇಲಿಟ್ಟು, ತುಪ್ಪ ಹಾಕದೆ, ಒಂದೊಂದು ಬಗೆಯನ್ನೂ ಬೇರೆ ಬೇರೆಯಾಗಿಯೇ ಹುರಿಯಬೇಕು. ಬಾದಾಮಿಗೆ ಎಂಟರಿಂದ ಹತ್ತು ನಿಮಿಷ, ಗೋಡಂಬಿಗೆ ಐದಾರು ನಿಮಿಷ, ಅಕ್ರೋಟಿಗೆ ನಾಲ್ಕೈದು ನಿಮಿಷ ಹಿಡಿಯುತ್ತದೆ. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಬಾದಾಮಿ ಹದಕ್ಕೆ ಬರುವಷ್ಟರಲ್ಲಿ ಅಕ್ರೋಟು ಸೀದು ಕಹಿಯಾಗಿರುತ್ತದೆ. ಗಸಗಸೆಗೆ ಕೊನೆಗೆ ಒಲೆ ಆರಿಸಿದ ಬಿಸಿ ಬಾಣಲೆಯೇ ಸಾಕು. ಒಲೆಯ ಮುಂದೆ ನಿಲ್ಲಲು ಬಿಡುವಿಲ್ಲದವರು ಓವನ್ನಿನಲ್ಲಿ 160 ಡಿಗ್ರಿ ಸೆಲ್ಸಿಯಸ್‌ಗೆ ಬಾದಾಮಿಯನ್ನು ಹತ್ತು ಹನ್ನೆರಡು ನಿಮಿಷ ಇಡಬಹುದು, ನಡುವೆ ಒಮ್ಮೆ ಮಗುಚಬೇಕು ಅಷ್ಟೇ.

ಹದ ಬಂದಿದೆಯೇ ಎಂದು ನೋಡಲು ಬಾಯಿಗೆ ಹಾಕಿ ಕಡಿದರೆ ಮೋಸ ಹೋಗುತ್ತೀರಿ, ಏಕೆಂದರೆ ಬಿಸಿ ಬೀಜ ಎಷ್ಟೇ ಹುರಿದಿದ್ದರೂ ಮೆತ್ತಗೇ ಇರುತ್ತದೆ, ಗರಿಯಾಗುವುದು ಆರಿದ ಮೇಲೆ. ಅದರ ಬದಲು ಒಂದು ಬಾದಾಮಿಯನ್ನು ಚಾಕುವಿನಿಂದ ಅಡ್ಡ ಸೀಳಿ ನೋಡಿ. ಒಳಗೆ ಹಾಲುಬಿಳುಪು ಇದ್ದರೆ ಇನ್ನೂ ಹಸಿ. ಅಂಚಿನಿಂದ ನಡುವಿನವರೆಗೆ ತಿಳಿಯಾದ ಕೆನೆಬಣ್ಣಕ್ಕೆ ತಿರುಗಿದ್ದರೆ ಸರಿ. ನಡುಭಾಗ ಕಂದಾಗಿದ್ದರೆ ಹದ ಮೀರಿದೆ. ಬಯಸಿದ ಬಣ್ಣ ಬರುವ ತುಸು ಮೊದಲೇ ಬೀಜಗಳನ್ನು ಅಗಲವಾದ ತಟ್ಟೆಗೆ ಸುರಿದು ಹರಡಬೇಕು. ಬಾಣಲೆಯಲ್ಲೇ ಬಿಟ್ಟರೆ ಒಲೆ ಆರಿದ ಮೇಲೂ ಅದರ ಕಾವಿಗೆ ಹುರಿಯುತ್ತಲೇ ಹೋಗುತ್ತವೆ.

ಪೂರ್ತಿ ತಣ್ಣಗಾಗಲು ಕನಿಷ್ಠ ಅರ್ಧ ಗಂಟೆ ಬೇಕು, ಈ ಕಾಯುವಿಕೆಯನ್ನು ತಪ್ಪಿಸಬಾರದು. ಬಿಸಿಯಾಗಿರುವ ಗೋಡಂಬಿಯನ್ನು ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಆರಿದ ಬೀಜಗಳನ್ನು ಚಾಕುವಿನಿಂದ ಹೆಚ್ಚಿದರೆ ಎಲ್ಲಕ್ಕಿಂತ ಉತ್ತಮ. ಮಿಕ್ಸಿಯಾದರೆ ಒಂದೆರಡು ಸೆಕೆಂಡಿನಂತೆ ನಾಲ್ಕೈದು ಬಾರಿ ಮಾತ್ರ ತಿರುಗಿಸಿ ನಿಲ್ಲಿಸಬೇಕು. ಕಡಲೆಬೇಳೆಯ ಗಾತ್ರದ ತುಂಡುಗಳು ಹೆಚ್ಚು, ತರಿತರಿಯಾದ ಪುಡಿ ಸ್ವಲ್ಪ, ಇದು ಬೇಕಾದ ಮಿಶ್ರಣ. ತುಂಡುಗಳು ಹಲ್ಲಿಗೆ ಗರಿಯೆನಿಸುತ್ತವೆ, ಪುಡಿ ಅವುಗಳ ನಡುವಿನ ಸಂದು ತುಂಬಿ ಉಂಡೆ ಬಿರಿಯದಂತೆ ನೋಡಿಕೊಳ್ಳುತ್ತದೆ. ಚಿಕ್ಕ ಮಕ್ಕಳಿಗೆ ಕೊಡುವುದಾದರೆ ಮಾತ್ರ, ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ, ಎಲ್ಲವನ್ನೂ ನುಣ್ಣಗೆ ಪುಡಿ ಮಾಡಿ.

ಖರ್ಜೂರವನ್ನು ಅಂಟಾಗಿಸುವುದು

ಬೀಜ ತೆಗೆದದ್ದು ಎಂದು ಬರೆದಿದ್ದರೂ ಪ್ರತಿಯೊಂದು ಖರ್ಜೂರವನ್ನೂ ಬಿಡಿಸಿ ನೋಡಬೇಕು. ಒಳಗೆ ಬೀಜದ ಚೂರು ಉಳಿದಿರಬಹುದು, ಕಪ್ಪು ಪುಡಿಯಂಥ ಬೂಸ್ಟು ಇರಬಹುದು, ಹುಳುವೂ ಇರಬಹುದು. ಚಾಕುವಿಗೆ ತುಪ್ಪ ಸವರಿಕೊಂಡು ಸಣ್ಣಗೆ ಹೆಚ್ಚಿ, ಮಿಕ್ಸಿಯಲ್ಲಿ ಎರಡು ಕಂತಿನಲ್ಲಿ ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಲ ತುಂಬಿದರೆ ಖರ್ಜೂರ ಅಲಗಿಗೆ ಮುದ್ದೆಯಾಗಿ ಸುತ್ತಿಕೊಂಡು ಮಿಕ್ಸಿಯ ಮೋಟಾರು ಬಿಸಿಯಾಗುತ್ತದೆ.

ಖರ್ಜೂರ ಗಟ್ಟಿಯಾಗಿದ್ದರೆ ಬಿಸಿನೀರಿನಲ್ಲಿ ನೆನೆಸುವುದು ಹಲವರ ರೂಢಿ. ನಾನೂ ಒಮ್ಮೆ ಹಾಗೆಯೇ ಮಾಡಿದ್ದೆ. ಮುದ್ದೆ ಎಷ್ಟು ನಯವಾಗಿ ಬಂತೆಂದರೆ ಇದೇ ಸರಿಯಾದ ದಾರಿ ಎಂದುಕೊಂಡಿದ್ದೆ. ಐದನೆಯ ದಿನ ಡಬ್ಬಿ ತೆರೆದಾಗ ತಳದ ಉಂಡೆಗಳು ಒಂದಕ್ಕೊಂದು ತಾಗಿದ ಕಡೆಯಲ್ಲೆಲ್ಲ ಬಿಳಿಯ ನವಿರು ಬೂಸ್ಟು ಎದ್ದಿತ್ತು. ಖರ್ಜೂರ ಕೆಡದೆ ಉಳಿಯುವುದು ಅದರಲ್ಲಿ ನೀರು ಕಡಿಮೆ, ಸಕ್ಕರೆ ಹೆಚ್ಚು ಇರುವುದರಿಂದ. ನೀರು ಕುಡಿಸಿದಾಗ ಆ ರಕ್ಷಣೆ ಹೋಗುತ್ತದೆ. ಅಂದಿನಿಂದ ನಾನು ಗಟ್ಟಿ ಖರ್ಜೂರವನ್ನು ಇಡ್ಲಿ ಪಾತ್ರೆಯಲ್ಲಿ ಐದು ನಿಮಿಷ ಉಗಿಯಲ್ಲಿ ಇಟ್ಟು, ಬಟ್ಟೆಯ ಮೇಲೆ ಹರಡಿ, ಮೇಲ್ಮೈಯ ತೇವ ಆರಿದ ಮೇಲಷ್ಟೇ ಬಳಸುತ್ತೇನೆ. ಇದರಿಂದ ತಿರುಳು ಮೆತ್ತಗಾಗುತ್ತದೆ, ನೀರು ಹೆಚ್ಚೇನೂ ಸೇರುವುದಿಲ್ಲ.

ಬಾಣಲೆಯಲ್ಲಿ ತುಪ್ಪ ಬಿಸಿ ಮಾಡಿ, ಖರ್ಜೂರದ ಮುದ್ದೆ ಹಾಕಿ, ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಚಪ್ಪಟೆ ಸೌಟಿನಿಂದ ಒತ್ತುತ್ತಾ ಮಗುಚಬೇಕು. ಮೊದಲು ಅದು ಚೂರು ಚೂರಾಗಿ ಬಾಣಲೆಗೆ ಅಂಟುತ್ತದೆ. ಕಾವು ಏರಿದಂತೆ ಚೂರುಗಳು ಕೂಡಿಕೊಂಡು, ತಳ ಬಿಟ್ಟು, ಸೌಟಿನ ಜೊತೆಗೇ ಒಂದು ಮುದ್ದೆಯಾಗಿ ತಿರುಗಲಾರಂಭಿಸುತ್ತವೆ. ಆ ಕ್ಷಣದಲ್ಲಿ ಒಲೆ ಆರಿಸಬೇಕು. ಇನ್ನೂ ಬಾಡಿಸಿದರೆ ನೀರು ಹಿಂಗಿ, ಬಿಸಿಯಲ್ಲಿ ಚೆನ್ನಾಗಿಯೇ ಕಂಡ ಮುದ್ದೆ ಆರಿದ ಮೇಲೆ ಹಲ್ಲಿಗೆ ಅಂಟುವ ಗಟ್ಟಿ ಅಂಟಾಗುತ್ತದೆ.

ಬೆರೆಸುವುದು, ಕಟ್ಟುವುದು

ಕೆಳಗಿಳಿಸಿದ ಬಾಣಲೆಗೆ ಬೀಜದ ತುಂಡು, ಗಸಗಸೆ, ಏಲಕ್ಕಿ, ಉಪ್ಪು ಹಾಕಿ, ಕೈ ತಾಳುವಷ್ಟು ಬಿಸಿಯಿರುವಾಗಲೇ ನಾದಬೇಕು. ತಣ್ಣಗಾದ ಖರ್ಜೂರ ಬೀಜಗಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಈಗ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಅದುಮಿ, ಕೈ ಬಿಚ್ಚಿ ನೋಡಿ. ಬೆರಳಿನ ಗುರುತು ಸ್ಪಷ್ಟವಾಗಿ ಮೂಡಿ, ಅಂಗೈ ಬಹುತೇಕ ಸ್ವಚ್ಛವಾಗಿದ್ದರೆ ಹದ ಸರಿ. ಉದುರಿದರೆ ಖರ್ಜೂರ ಒಣಗಿದೆ ಅಥವಾ ಸಾಲದು. ಇನ್ನೂ ನಾಲ್ಕೈದನ್ನು ಉಗಿಯಲ್ಲಿಟ್ಟು ಜಜ್ಜಿ ಸೇರಿಸಿ, ಹಾಲನ್ನಾಗಲಿ ನೀರನ್ನಾಗಲಿ ಚಿಮುಕಿಸಬೇಡಿ. ಅಂಗೈಗೆ ಅಂಟಿಕೊಂಡರೆ ಹುರಿದ ಬೀಜದ ಪುಡಿ ಇನ್ನೆರಡು ಚಮಚ ಬೇಕು. ಎಣ್ಣೆ ಹೊಳೆಯುತ್ತಿದ್ದರೆ ಬೀಜ ಅತಿಯಾಗಿ ಅರೆದಿದೆ ಎಂದರ್ಥ. ಅದಕ್ಕೆ ಪರಿಹಾರ ಕಡಿಮೆ, ಒಂದು ಗಂಟೆ ತಣ್ಣಗೆ ಇಟ್ಟು ಕಟ್ಟಿದರೆ ಸ್ವಲ್ಪ ಸುಧಾರಿಸುತ್ತದೆ.

ಅಂಗೈಗೆ ತುಪ್ಪ ಸವರಿಕೊಂಡು 20 ಗ್ರಾಂ, ಅಂದರೆ ಸಣ್ಣ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ. ಮೊದಲು ಗಟ್ಟಿಯಾಗಿ ಅದುಮಿ, ಆಮೇಲೆ ಉರುಟಾಗಿಸಿ. ಬರ್ಫಿಯಂತೆ ಪಟ್ಟಿ ಬೇಕೆಂದರೆ ತಟ್ಟೆಗೆ ಬೆಣ್ಣೆಕಾಗದ ಹಾಸಿ, ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ಹರಡಿ, ಚಪ್ಪಟೆ ತಳದ ಬಟ್ಟಲಿನಿಂದ ಮೂಲೆಮೂಲೆಯನ್ನೂ ಬಲವಾಗಿ ಒತ್ತಬೇಕು. ಪಟ್ಟಿ ಕತ್ತರಿಸುವಾಗ ಒಡೆಯುವುದು ಸಾಮಾನ್ಯವಾಗಿ ಈ ಒತ್ತುವಿಕೆ ಸಾಲದೆ. ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು, ಚಾಕುವನ್ನು ಗರಗಸದಂತೆ ಎಳೆಯದೆ ನೇರವಾಗಿ ಕೆಳಕ್ಕೆ ಒತ್ತಿ ಕತ್ತರಿಸಿ.

ಒಣ ಡಬ್ಬಿಯಲ್ಲಿ ಹೊರಗೆ ಹತ್ತು ದಿನ, ಫ್ರಿಜ್ಜಿನಲ್ಲಿ ಮೂರು ನಾಲ್ಕು ವಾರ ಇವು ಚೆನ್ನಾಗಿರುತ್ತವೆ. ಕರಾವಳಿಯ ಮಳೆಗಾಲದಲ್ಲಿ ಮಾತ್ರ ಹೊರಗಿಡಬೇಡಿ. ಖರ್ಜೂರ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಅಕ್ರೋಟು ಅಥವಾ ಒಣಕೊಬ್ಬರಿ ಹಾಕಿದ್ದರೆ ಬೂಸ್ಟಿಗಿಂತ ಮೊದಲು ಕಮಟು ವಾಸನೆ ಬರುವುದರಿಂದ, ಒಂದನ್ನು ಮುರಿದು ಮೂಸಿ ನೋಡುವುದು ಒಳಿತು.

ಸಕ್ಕರೆ ಹಾಕಿಲ್ಲವೆಂಬುದು ಸಕ್ಕರೆ ಇಲ್ಲವೆಂದಲ್ಲ. ಖರ್ಜೂರದ ತೂಕದಲ್ಲಿ ಸರಿಸುಮಾರು ಮೂರನೆಯ ಎರಡು ಭಾಗ ಸಕ್ಕರೆಯೇ. ಮೇಲಿನ ಅಳತೆಯಲ್ಲಿ ಒಂದೊಂದು ಉಂಡೆಗೆ ಸುಮಾರು 7 ಗ್ರಾಂ, ಅಂದರೆ ಒಂದೂವರೆ ಸಣ್ಣ ಚಮಚದಷ್ಟು ಬರುತ್ತದೆ. ಮನೆಯಲ್ಲಿ ಮಧುಮೇಹ ಇರುವವರಿದ್ದರೆ ಉಂಡೆಯನ್ನು 10 ಗ್ರಾಂಗೆ ಇಳಿಸಿ ಕಟ್ಟಿ, ಅವರ ದಿನದ ಆಹಾರದ ಲೆಕ್ಕಕ್ಕೆ ಅದನ್ನೂ ಸೇರಿಸಿಕೊಳ್ಳಿ.