ಮ್ಯಾಟ್ರಿಕ್ಸ್ ಎಳೆದ್ರೂ ತಿರುಗದ ಗೆರೆ ಹುಡುಕೋದು ಹೇಗೆ

ಹೋದ ಮಳೆಗಾಲ ತೀರ್ಥಹಳ್ಳಿ ಮನೇಲಿ ಕರೆಂಟ್ ಹೋಗಿತ್ತು, ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದ್ತಿರೋ ಅಕ್ಕನ ಮಗಳು ಜಗಲೀಲಿ ಐಗನ್ ವ್ಯಾಲ್ಯೂ ನೋಟ್ಸ್ ಹರಡ್ಕೊಂಡು ಕೂತಿದ್ಲು. "ಮಾವ, ಲ್ಯಾಮ್ಡಾ ತೆಗಿಯೋದೇನೋ ಬರುತ್ತೆ, ಆದ್ರೆ ತೆಗೆದಿದ್ದು ಏನು ಅಂತ್ಲೇ ಗೊತ್ತಿಲ್ಲ" ಅಂದ್ಲು. ಅವತ್ತು ಅವಳಿಗೆ ಹೇಳ್ಕೊಟ್ಟ ಹಾಗೇ ಇಲ್ಲಿ ಬರೀತೀನಿ.

ಮೊದ್ಲು ಪೆನ್ನು ಬೇಡ. ಹಳೇ ಸೈಕಲ್ ಟ್ಯೂಬಿಂದು ಒಂದು ಗೇಣು ತುಂಡು ಕತ್ತರಿಸಿ, ಉದ್ದಕ್ಕೆ ಸೀಳಿ ಚಪ್ಪಟೆ ಮಾಡಿ, ಅದರ ಮೇಲೆ ಸೀಮೆಸುಣ್ಣದಲ್ಲಿ ಮೂರು ಗೆರೆ ಹಾಕಿ, ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ, ಇನ್ನೊಂದು ಓರೆಯಾಗಿ. ಈಗ ಎರಡೂ ತುದಿ ಹಿಡಿದು ಎಳೀರಿ. ಓರೆ ಗೆರೆ ಎಳೆದ ಕಡೆಗೆ ವಾಲುತ್ತೆ, ಅಂದ್ರೆ ಅದರ ದಿಕ್ಕೇ ಬದಲಾಯ್ತು. ಉದ್ದದ ಗೆರೆ ಇದ್ದ ದಿಕ್ಕಲ್ಲೇ ಇನ್ನೂ ಉದ್ದ ಆಗುತ್ತೆ, ಅಡ್ಡದ್ದು ಇದ್ದ ದಿಕ್ಕಲ್ಲೇ ಸ್ವಲ್ಪ ಗಿಡ್ಡ ಆಗುತ್ತೆ. ಹೀಗೆ ತಿರುಗದೇ ಉಳಿದ ದಿಕ್ಕುಗಳೇ ಐಗನ್ ವೆಕ್ಟರ್. 10 ಸೆಂಟಿಮೀಟರ್ ಇದ್ದದ್ದು 15 ಆದ್ರೆ ಆ ದಿಕ್ಕಿನ ಐಗನ್ ವ್ಯಾಲ್ಯೂ 1.5, 5 ಇದ್ದದ್ದು 4 ಆದ್ರೆ 0.8. ಅಷ್ಟೇ.

ಈಗ ಪೇಪರ್ ಮೇಲೆ. ಈ ಮ್ಯಾಟ್ರಿಕ್ಸ್ ತಗೊಳ್ಳಿ:

```
A = | 4  1 |
    | 2  3 |
```

ಇದು (x, y) ಅನ್ನೋ ಬಾಣವನ್ನ (4x + y, 2x + 3y) ಮಾಡುತ್ತೆ. (1, 0) ಕೊಟ್ರೆ (4, 2) ಬಂತು, ಮಲಗಿದ್ದ ಬಾಣ ಮೇಲಕ್ಕೆದ್ದಿದೆ, ತಿರುಗಿತು. (0, 1) ಕೊಟ್ರೆ (1, 3), ಅದೂ ತಿರುಗಿತು. ಆದ್ರೆ (1, 1) ಕೊಟ್ಟು ನೋಡಿ, (5, 5)! ದಿಕ್ಕು ಅದೇ, ಉದ್ದ ಮಾತ್ರ ಐದು ಪಟ್ಟು. ಒಂದು ಸಿಕ್ತು.

ಇದು ಊಹೆ ಮಾಡಿ ಸಿಕ್ಕಿದ್ದು, ಪ್ರತಿ ಸಲ ಹಾಗೆ ಸಿಗಲ್ಲ. ನಮಗೆ ಬೇಕಾಗಿರೋದು Av = λv, ಇಲ್ಲಿ v ಅಂದ್ರೆ ತಿರುಗದ ಬಾಣ, λ ಅಂದ್ರೆ ಅದರ ಐಗನ್ ವ್ಯಾಲ್ಯೂ. ಬಲಗಡೆದನ್ನ ಎಡಕ್ಕೆ ತಂದ್ರೆ (A − λI)v = 0, I ಅಂದ್ರೆ ಯಾವ ಬಾಣವನ್ನೂ ಬದಲಿಸದ ಮ್ಯಾಟ್ರಿಕ್ಸ್. ಇಲ್ಲಿ ಸೊನ್ನೆ ವೆಕ್ಟರ್ ಯಾವಾಗ್ಲೂ ಉತ್ತರ ಆಗುತ್ತೆ, ಆದ್ರೆ ಅದಕ್ಕೆ ದಿಕ್ಕೇ ಇಲ್ಲ, ಹಾಗಾಗಿ ಅದು ಲೆಕ್ಕಕ್ಕಿಲ್ಲ. ಸೊನ್ನೆ ಅಲ್ಲದ ಬಾಣವೊಂದನ್ನ A − λI ಸೊನ್ನೆ ಮಾಡ್ಬೇಕು ಅಂದ್ರೆ ಅದು ಇಡೀ ಹಾಳೆಯನ್ನೇ ಒಂದು ಗೆರೆಗೆ ಅಪ್ಪಚ್ಚಿ ಮಾಡ್ತಿರ್ಬೇಕು, ಗೆರೆಗೆ ವಿಸ್ತೀರ್ಣ ಇಲ್ಲ, ಮತ್ತೆ ಡಿಟರ್ಮಿನೆಂಟ್ ಹೇಳೋದೇ ವಿಸ್ತೀರ್ಣ ಎಷ್ಟು ಪಟ್ಟಾಯ್ತು ಅಂತ, ಅದಕ್ಕೇ ಅದನ್ನ ಸೊನ್ನೆಗೆ ಸಮ ಮಾಡೋದು. ಈ ಕಾರಣ ಹೇಳದೇ ಬರೀ ಸೂತ್ರ ಬಾಯಿಪಾಠ ಮಾಡಿಸೋದು ನನಗೆ ನಿಜವಾಗ್ಲೂ ಬೇಜಾರು.

```
(4 − λ)(3 − λ) − 2 = 0
λ² − 7λ + 10 = 0
λ = 5, λ = 2
```

ಅಡ್ಡದಾರಿಯ ಚೆಕ್ಕೂ ಇದೆ: ಕರ್ಣದ ಮೇಲಿನ 4 + 3 = 7, ನಮ್ಮ 5 + 2 ಕೂಡ 7. ಡಿಟರ್ಮಿನೆಂಟ್ 12 − 2 = 10, ನಮ್ಮ 5 × 2 ಕೂಡ 10.

ಆಮೇಲೆ ದಿಕ್ಕು. λ = 2 ಹಾಕಿದ್ರೆ ಎರಡೂ ಸಾಲು 2x + y = 0 ಅನ್ನುತ್ತೆ, ಅಂದ್ರೆ (1, −2). ಗುಣಿಸಿ ನೋಡಿ, (2, −4) ಬರುತ್ತೆ, ಸರಿಯಾಗಿ ಎರಡು ಪಟ್ಟು. ಎರಡು ಸಾಲೂ ಒಂದೇ ಗೆರೆಯನ್ನ ಹೇಳ್ಲೇಬೇಕು, ಬೇರೆ ಬೇರೆ ಹೇಳಿ x = 0, y = 0 ಅಂತ ಬಂತೋ, λ ತೆಗಿಯೋದ್ರಲ್ಲೇ ಎಲ್ಲೋ ತಪ್ಪಿದೀರಿ, ಹಿಂದಕ್ಕೆ ಹೋಗಿ. ಅಕ್ಕನ ಮಗಳಿಗೆ (−1, 2) ಬಂದಿತ್ತು, ಗೈಡಲ್ಲಿ (1, −2) ಇದೆ ಅಂತ ಹೊಡೆದು ಹಾಕಿದ್ಲು. ಪಾಪ, ಅದೂ ಸರಿಯೇ, ಒಂದೇ ಗೆರೆ ಮೇಲಿನ ಯಾವ ಬಾಣ ಆದ್ರೂ ನಡೆಯುತ್ತೆ.

ಇದೆಲ್ಲ ಯಾಕೆ ಬೇಕು ಅಂದ್ರೆ, ಅದೇ (1, 0) ಗೆ A ಯನ್ನ ಮತ್ತೆ ಮತ್ತೆ ಹಚ್ಚಿ: (4, 2), (18, 14), (86, 78). ಎರಡು ನಂಬರಿನ ಅನುಪಾತ 1ರ ಹತ್ತಿರ ಹತ್ತಿರ ಬರ್ತಿದೆ ನೋಡಿ, ಬಾಣ (1, 1) ದಿಕ್ಕಿಗೆ ಹೊರಳ್ತಿದೆ. ಯಾಕಂದ್ರೆ (1, 0) ಒಳಗೆ (1, 1) ನ ಮೂರರಲ್ಲಿ ಎರಡು ಪಾಲು, (1, −2) ನ ಮೂರರಲ್ಲಿ ಒಂದು ಪಾಲು ಇದೆ, ಪ್ರತಿ ಸಲ ಮೊದಲ್ನೇದು ಐದು ಪಟ್ಟು ಬೆಳೆಯುತ್ತೆ, ಎರಡನೇದು ಎರಡೇ ಪಟ್ಟು, ಎಷ್ಟು ಅಂತ ಜೊತೆಗೆ ಓಡೀತು?

"ಎಲ್ಲಾ ಮ್ಯಾಟ್ರಿಕ್ಸಿಗೂ ಇಂಥ ಎರಡು ಗೆರೆ ಇರುತ್ತಾ ಮಾವ?" ಅಂತ ಕೇಳಿದ್ಲು. ಇರಲ್ಲ. ಹಾಳೆಯನ್ನ 90 ಡಿಗ್ರಿ ತಿರುಗಿಸೋ ಮ್ಯಾಟ್ರಿಕ್ಸಲ್ಲಿ ಯಾವ ಗೆರೆಯೂ ಇದ್ದಲ್ಲಿ ಇರಲ್ಲ, λ² + 1 = 0 ಬರುತ್ತೆ, ಅದಕ್ಕೆ ರಿಯಲ್ ನಂಬರ್ ಉತ್ತರ ಇಲ್ಲ. ಒಂದೇ ಗೆರೆ ಉಳಿಯೋ ಮ್ಯಾಟ್ರಿಕ್ಸೂ ಇದೆ, ಅದನ್ನ ತೋರಿಸೋಕೆ ಅವಳ ನೋಟ್‌ಬುಕ್ಕುಗಳನ್ನೇ ಒಂದರ ಮೇಲೊಂದು ಪೇರಿಸಿ, ಕೆಳಗಿಂದು ಅಲ್ಲೇ ಇರೋ ಹಾಗೆ ಮೇಲಿನವನ್ನ ಪಕ್ಕಕ್ಕೆ ಜಾರಿಸಿದೆ. ಮಲಗಿದ ಗೆರೆಗಳು ಮಲಗಿದ ಹಾಗೇ ಇದ್ವು, ನಿಂತ ಗೆರೆ, ಓರೆ ಗೆರೆ ಎಲ್ಲಾ ವಾಲಿದ್ವು. ಅದರ λ ಎರಡು ಸಲವೂ 1, ದಿಕ್ಕು ಮಾತ್ರ ಒಂದೇ.