ಕುಸ್ತಿಗೆ ಹೆಸರು ಕೊಡುವ ಮುನ್ನ: ವಯಸ್ಸು ಯಾವುದು, ತೂಕ ಯಾವುದು?

ಕುಸ್ತಿ ಸ್ಪರ್ಧೆಯ ಅರ್ಜಿಯಲ್ಲಿ ಎರಡು ಖಾನೆ ಇರುತ್ತವೆ: ವಯೋಮಿತಿ, ತೂಕ. ಹೆಚ್ಚಿನವರು ಮೊದಲು ತೂಕ ನೋಡಿ, ಆಮೇಲೆ ವಯಸ್ಸಿನ ಕಡೆ ಬರುತ್ತಾರೆ. ಇದನ್ನು ಉಲ್ಟಾ ಮಾಡಬೇಕು. ಯಾಕೆಂದರೆ ಒಂದೊಂದು ವಯೋಮಿತಿಗೆ ತೂಕದ ಪಟ್ಟಿಯೇ ಬೇರೆ. ಇಲ್ಲಿ ಕುಸ್ತಿಯ ಅಂತರರಾಷ್ಟ್ರೀಯ ಸಂಸ್ಥೆಯಾದ ಯುನೈಟೆಡ್ ವರ್ಲ್ಡ್ ರೆಸ್ಲಿಂಗ್‌ನ ನಿಯಮದಂತೆ ಹುಡುಗಿಯರ ವಿಭಾಗವನ್ನು ನೋಡೋಣ.

ಮೊದಲ ಹೆಜ್ಜೆ ವಯಸ್ಸು. ಇಲ್ಲಿ ತಿಂಗಳು, ತಾರೀಖು ಲೆಕ್ಕಕ್ಕಿಲ್ಲ. ಸ್ಪರ್ಧೆ ನಡೆಯುವ ವರ್ಷದಿಂದ ಹುಟ್ಟಿದ ವರ್ಷವನ್ನು ಕಳೆಯಿರಿ, ಅಷ್ಟೇ. ಬಂದ ಸಂಖ್ಯೆ 16 ಅಥವಾ 17 ಆದರೆ ‘17 ವರ್ಷದೊಳಗಿನವರ’ ವಿಭಾಗ. 18ರಿಂದ 20 ಆದರೆ ‘20 ವರ್ಷದೊಳಗಿನವರ’ ವಿಭಾಗ. ‘ಒಳಗಿನ’ ಎಂದಿದ್ದರೂ 17 ಮತ್ತು 20 ಅದರಲ್ಲಿ ಸೇರಿಯೇ ಇವೆ.

ಗಡಿಯಲ್ಲಿರುವವರ ಪಾಡು ನೋಡಿ. ಒಬ್ಬಳು ಹುಟ್ಟಿದ್ದು 2007ರ ಡಿಸೆಂಬರ್ 31ಕ್ಕೆ. ಇನ್ನೊಬ್ಬಳು ಮರುದಿನ, 2008ರ ಜನವರಿ 1ಕ್ಕೆ. 2025ರ ಸ್ಪರ್ಧೆಗೆ ಮೊದಲನೆಯವಳ ಲೆಕ್ಕ 18, ಎರಡನೆಯವಳದು 17. ಮೊದಲನೆಯವಳಿಗೆ ನಿಜವಾಗಿ 18 ತುಂಬುವುದು ಆ ವರ್ಷದ ಕೊನೆಯ ದಿನ. ಆದರೂ ಜನವರಿಯಿಂದಲೇ ಅವಳು ದೊಡ್ಡವರ ಜೊತೆ ಆಡಬೇಕು. ಅಂಕಪಟ್ಟಿಯಲ್ಲಿ ಒಂದು ವರ್ಷ, ಜನನ ಪ್ರಮಾಣಪತ್ರದಲ್ಲಿ ಇನ್ನೊಂದು ವರ್ಷ ಇದ್ದರೆ ಅರ್ಜಿಗೆ ಮೊದಲೇ ಸರಿಪಡಿಸಿಕೊಳ್ಳಿ. ತಾರೀಖು ಹೆಚ್ಚುಕಮ್ಮಿಯಾದರೂ ವಿಭಾಗ ಬದಲಾಗುವುದಿಲ್ಲ, ವರ್ಷ ತಪ್ಪಿದರೆ ವಿಭಾಗವೇ ತಪ್ಪುತ್ತದೆ. ಶಾಲಾ ಕ್ರೀಡಾಕೂಟಗಳ ಲೆಕ್ಕ ಬೇರೆ ಇರುತ್ತದೆ, ಅದಕ್ಕೆ ಆ ವರ್ಷದ ಸುತ್ತೋಲೆಯನ್ನೇ ನೋಡಬೇಕು.

ಈಗ ತೂಕ. ಇಬ್ಬರೂ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ 49.6 ಕೆ.ಜಿ. ತೂಗುತ್ತಾರೆ ಎಂದುಕೊಳ್ಳಿ. 17ರ ಪಟ್ಟಿಯಲ್ಲಿ 46, 49, 53, 57 ಹೀಗೆ ಬರುತ್ತದೆ. 20ರ ಪಟ್ಟಿ ಶುರುವಾಗುವುದೇ 50ರಿಂದ, ಆಮೇಲೆ 53, 55. ಹಾಗಾಗಿ 18ರವಳು ಆರಾಮವಾಗಿ 50ಕ್ಕೆ ಹೆಸರು ಕೊಡಬಹುದು. 17ರವಳಿಗೆ 50 ಎಂಬ ವಿಭಾಗವೇ ಇಲ್ಲ. ಅವಳು 600 ಗ್ರಾಂ ಇಳಿಸಿ 49ಕ್ಕೆ ಬರಬೇಕು, ಇಲ್ಲವೇ 53ರವರ ಎದುರು ನಿಲ್ಲಬೇಕು. ಅವಳಿಗೆ ಇನ್ನೊಂದು ದಾರಿಯೂ ಇದೆ. ವೈದ್ಯರ ಪ್ರಮಾಣಪತ್ರ ಮತ್ತು ಪೋಷಕರ ಒಪ್ಪಿಗೆ ಪತ್ರ ಕೊಟ್ಟರೆ 17ರವರು 20ರ ವಿಭಾಗದಲ್ಲಿ ಆಡಬಹುದು. ಅಲ್ಲಿ 50 ಸಿಗುತ್ತದೆ, ಆದರೆ ಎದುರಾಳಿಗಳು 20 ವರ್ಷದವರಾಗಿರಬಹುದು. ಅಭ್ಯಾಸದಲ್ಲಿ ಅಂಥವರ ಜೊತೆ ಹಿಡಿದು ನೋಡದೆ ಈ ದಾರಿ ಹಿಡಿಯಬಾರದು ಅನ್ನುವುದು ನನ್ನ ಅಭಿಪ್ರಾಯ.

ತೂಕದ ಗಡಿಯಲ್ಲಿ ಗೊಂದಲ ಬೇಡ. ವಿಭಾಗದ ಸಂಖ್ಯೆ ಅಂದರೆ ಮೇಲಿನ ಮಿತಿ, ಆ ಸಂಖ್ಯೆಯೂ ಅದರಲ್ಲಿ ಸೇರಿದೆ. ತಕ್ಕಡಿ 49.0 ತೋರಿಸಿದರೆ 49ರ ವಿಭಾಗಕ್ಕೆ ಪಾಸು, 49.1 ತೋರಿಸಿದರೆ ಇಲ್ಲ. ತೊಟ್ಟ ಸಿಂಗ್ಲೆಟ್‌ಗೆಂದು, ಅಂದರೆ ಕುಸ್ತಿಯ ಉಡುಪಿಗೆಂದು, ಗ್ರಾಂ ಬಿಡುವುದಿಲ್ಲ. 17ರ ಪಟ್ಟಿಯ ಅತಿ ಕಡಿಮೆ ವಿಭಾಗಕ್ಕೆ ಮಾತ್ರ ಕೆಳಗಿನ ಮಿತಿಯೂ ಇದೆ: 36ರಿಂದ 40. ಅಂದರೆ 35.9 ಇರುವ ಹುಡುಗಿಗೆ ಅಲ್ಲಿ ಜಾಗವಿಲ್ಲ. ತೂಕ ನೋಡುವ ಅವಧಿ ಮುಗಿಯುವವರೆಗೆ ಎಷ್ಟು ಸಲ ಬೇಕಾದರೂ ತಕ್ಕಡಿ ಹತ್ತಬಹುದು. ಮೊದಲ ದಿನ ಈ ಅವಧಿ ಅರ್ಧ ಗಂಟೆ.

ಆ 600 ಗ್ರಾಂ ಇಳಿಸಬೇಕೇ ಎಂದು ನಿರ್ಧರಿಸುವಾಗ ಬಹಳ ಜನ ಒಂದೇ ಬೆಳಿಗ್ಗೆಯ ಲೆಕ್ಕ ಹಾಕುತ್ತಾರೆ. ಆದರೆ ಎರಡು ದಿನದ ಸ್ಪರ್ಧೆಯಲ್ಲಿ ಫೈನಲ್ ತಲುಪಿದವರಿಗೆ, ಅಥವಾ ಫೈನಲ್ ತಲುಪಿದವರಿಗೆ ಸೋತು ಕಂಚಿಗಾಗಿ ಮತ್ತೊಂದು ಅವಕಾಶವಾದ ರೆಪೆಷಾಜ್ ಪಡೆದವರಿಗೆ ಮರುದಿನ ಬೆಳಿಗ್ಗೆ ಮತ್ತೆ ತೂಕ ನೋಡುತ್ತಾರೆ, ಅದೂ ಹದಿನೈದೇ ನಿಮಿಷದಲ್ಲಿ. ನಡುವೆ ಪಂದ್ಯಗಳಿರುತ್ತವೆ, ಊಟ ಇರುತ್ತದೆ, ನೀರು ಕುಡಿಯಲೇಬೇಕು. ತೂಕ ಏರಿಯೇ ಏರುತ್ತದೆ. ವಿನೇಶ್ ಫೋಗಟ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 53 ಕೆ.ಜಿ.ಯಲ್ಲಿ ಆಡಿದ್ದರು. 2024ರ ಪ್ಯಾರಿಸ್‌ನಲ್ಲಿ 50ಕ್ಕೆ ಇಳಿದರು. ಮೊದಲ ದಿನ ತೂಕ ಸರಿಯಿತ್ತು, ಮೂರು ಪಂದ್ಯ ಗೆದ್ದು ಫೈನಲ್ ತಲುಪಿದರು. ಮರುದಿನ ಬೆಳಿಗ್ಗೆ 100 ಗ್ರಾಂ ಜಾಸ್ತಿ ಬಂತು. ನಿಯಮದಂತೆ ಅವರನ್ನು ಅನರ್ಹಗೊಳಿಸಿ ಕೊನೆಯ ಸ್ಥಾನಕ್ಕೆ ಹಾಕಿದರು. ಗೆದ್ದ ಪಂದ್ಯಗಳೂ ಪದಕ ತರಲಿಲ್ಲ.

ಹಾಗಾಗಿ ಅರ್ಜಿಗೆ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಒಂದು ವಾರ ದಿನಾ ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನದೆ ತೂಕ ಬರೆದಿಡಿ. ಜೋರು ಅಭ್ಯಾಸದ ದಿನ ಮಾಮೂಲಿನಂತೆ ಊಟ, ನೀರು ಕೊಡಿ. ಮರುದಿನ ಬೆಳಿಗ್ಗೆ ಮತ್ತೆ ನೋಡಿ. ಉಪವಾಸವಿಲ್ಲದೆ, ಬೆವರಿಳಿಸುವ ಜಾಕೆಟ್ ಇಲ್ಲದೆ ಎರಡೂ ಬೆಳಿಗ್ಗೆ ತೂಕ 49 ದಾಟದಿದ್ದರೆ ಆ ವಿಭಾಗ ಬರೆಯಿರಿ. 49.6ರಿಂದ ಅಲುಗಾಡುತ್ತಿಲ್ಲವಾದರೆ ಬೆಳೆಯುವ ಹುಡುಗಿಯನ್ನು ಬಾಯಾರಿಸಬೇಡಿ, 53 ಬರೆಯಿರಿ. ಮನೆಯ ತಕ್ಕಡಿಗೂ ಸ್ಪರ್ಧೆಯ ತಕ್ಕಡಿಗೂ 200–300 ಗ್ರಾಂ ವ್ಯತ್ಯಾಸ ಬರಬಹುದು. ಆಯೋಜಕರು ಮುಂಚಿತವಾಗಿ ಪರೀಕ್ಷಾ ತಕ್ಕಡಿ ಇಟ್ಟಿದ್ದರೆ ಹಿಂದಿನ ಸಂಜೆಯೇ ಅದರ ಮೇಲೆ ನಿಂತು ನೋಡಿಕೊಳ್ಳಿ.